ಪಲ್ಪರ್ ರಿಪೇರಿ ಬಂಡವಾಳವೋ, ರಾಜಸ್ವವೋ?

“ಕ್ವಿಜ್‌ನಲ್ಲಿ ‘ಸೆಕೆಂಡ್ ಹ್ಯಾಂಡ್ ಕಾಫಿ ಪಲ್ಪರ್‌ಗೆ ಮಾಡಿದ ರಿಪೇರಿ’ ಅಂತಿತ್ತು. ರಾಜಸ್ವ ವೆಚ್ಚ ಎಂದು ಬರೆದೆ, ತಪ್ಪು ಹಾಕಿದ್ದಾರೆ. ರಿಪೇರಿ ಅಂದ್ರೆ ರಾಜಸ್ವ ಅಲ್ವಾ ಸರ್?” – ಪಿಯುಸಿ ವಿದ್ಯಾರ್ಥಿ, ವಿರಾಜಪೇಟೆ

ಅಲ್ಲ. ‘ರಿಪೇರಿ ಕಂಡರೆ ರಾಜಸ್ವ, ಯಂತ್ರ ಕಂಡರೆ ಬಂಡವಾಳ’ ಎಂಬ ಶಾರ್ಟ್‌ಕಟ್ ಮಾರುವವರು ಪ್ರತಿವರ್ಷ ನಿಮ್ಮಂಥವರ ಅಂಕ ಕಳೆಯುತ್ತಾರೆ. ನೋಡಬೇಕಾದ್ದು ಖರ್ಚಿನ ಹೆಸರನ್ನಲ್ಲ. ಅದು ಯಂತ್ರ ಕೆಲಸಕ್ಕೆ ಸಿದ್ಧವಾಗುವ ಮೊದಲು ಆಯಿತೋ, ಆಮೇಲೋ ಎಂಬುದನ್ನು.

ಸೋಮವಾರಪೇಟೆಯ ಒಂದು ತೋಟದವರು ಹಳೇ ಪಲ್ಪರ್ ಅನ್ನು ₹1,80,000ಕ್ಕೆ ಕೊಂಡರು ಎನ್ನಿ. ಲಾರಿ ಬಾಡಿಗೆ, ಸಾಗಣೆ ವಿಮೆ ₹8,000. ಕಾಂಕ್ರೀಟ್ ಅಡಿಪಾಯ, ಕೂರಿಸಿದವರ ಕೂಲಿ ₹12,000. ಸವೆದ ಡಿಸ್ಕ್, ಬೇರಿಂಗ್ ಬದಲಿಸಿ ಓಡುವಂತೆ ಮಾಡಲು ₹20,000. ಈ ₹20,000 ಇಲ್ಲದೆ ಒಂದು ಹಣ್ಣೂ ಸಿಪ್ಪೆ ಬಿಡುವುದಿಲ್ಲ, ಹಾಗಾಗಿ ಅದು ಕೊಂಡ ಬೆಲೆಯ ಭಾಗವೇ. ಪಲ್ಪರ್ ಖಾತೆಗೆ ಹೋಗುವುದು ಒಟ್ಟು ₹2,20,000. ಕೂಲಿ ಸಾಮಾನ್ಯವಾಗಿ ರಾಜಸ್ವವಾದರೂ ಇಲ್ಲಿ ಬಂಡವಾಳವಾಯಿತು, ಗಮನಿಸಿ.

ಜನವರಿಯಲ್ಲಿ, ಕೊಯ್ಲಿನ ನಡುವೆ, ಅದೇ ಬೇರಿಂಗ್ ಹೋಗಿ ₹6,000 ಬಿತ್ತು. ಅದು ರಾಜಸ್ವ. ಯಂತ್ರ ತನ್ನ ಹಿಂದಿನ ಸ್ಥಿತಿಗೆ ಮರಳಿತಷ್ಟೇ. ದೊಡ್ಡ ಮೋಟಾರು ಹಾಕಿ ಗಂಟೆಗೆ ಮೊದಲಿಗಿಂತ ಹೆಚ್ಚು ಹಣ್ಣು ಹಾಯಿಸುವಂತೆ ಮಾಡಿದ್ದರೆ ಮಾತ್ರ ಬಂಡವಾಳ.

ತಪ್ಪಾದರೆ ಏನಾಗುತ್ತದೆ? ಯಂತ್ರದ ಬಾಳಿಕೆ 10 ವರ್ಷ, ಸ್ಥಿರ ಕಂತಿನ ಸವಕಳಿ, ಕೊನೆಗೆ ಗುಜರಿ ಬೆಲೆ ಇಲ್ಲ ಎಂದುಕೊಳ್ಳಿ. ಸರಿಯಾಗಿ ಬರೆದರೆ ವರ್ಷಕ್ಕೆ ₹22,000 ಸವಕಳಿ. ಮೊದಲ ₹20,000 ರಿಪೇರಿಯನ್ನು ರಾಜಸ್ವಕ್ಕೆ ತಳ್ಳಿದರೆ, ಮೊದಲ ವರ್ಷ ಲಾಭದಿಂದ ₹20,000 ಸವಕಳಿಯ ಜೊತೆಗೆ ಆ ₹20,000 ಕೂಡ ಕಳೆಯುತ್ತದೆ. ಲಾಭ ₹18,000 ಕಡಿಮೆ ಕಾಣುತ್ತದೆ, ಮುಂದಿನ ಒಂಬತ್ತು ವರ್ಷ ತಲಾ ₹2,000 ಹೆಚ್ಚು.

ಕಾರಣದ ಜಾಗದಲ್ಲಿ ‘ಬಳಕೆಗೆ ಮುನ್ನ, ಯಂತ್ರವನ್ನು ಸಿದ್ಧಗೊಳಿಸಲು’ ಎಂದು ಬರೆಯಿರಿ. ‘ದೀರ್ಘಕಾಲದ ಲಾಭ’ ಎಂದಷ್ಟೇ ಗೀಚಿದರೆ ನಾನಾದರೂ ಅರ್ಧ ಅಂಕ ಕೊಡುವುದಿಲ್ಲ. ಇನ್ನು, ರಿಪೇರಿ ಯಾವಾಗ ನಡೆಯಿತೆಂದು ಹೇಳದ ಪ್ರಶ್ನೆಯೇ ಅರೆಬರೆ. ಆಗ ನಿಮ್ಮ ಊಹೆಯನ್ನು ಮೊದಲು ಬರೆದು ಉತ್ತರಿಸಿ.

“ಮೊತ್ತ ದೊಡ್ಡದಾದರೆ ಬಂಡವಾಳ ಅಂತ ಟ್ಯೂಷನ್‌ನಲ್ಲಿ ಹೇಳಿದ್ದಾರೆ, ಸರಿಯೇ?” – ಮಡಿಕೇರಿ

ಮೂರು ಲಕ್ಷದ ಗೊಬ್ಬರವೂ ರಾಜಸ್ವವೇ. ಟ್ಯೂಷನ್ ಬದಲಿಸಿ.

“ರೊಬಸ್ಟಾ ಸಸಿ ನೆಟ್ಟ ಖರ್ಚು ಯಾವುದು?” – ಗೋಣಿಕೊಪ್ಪ

ಹೊಸ ತೋಟವಾದರೆ ಸಸಿ, ಗುಂಡಿ, ಫಸಲು ಕೊಡುವ ಹಂತಕ್ಕೆ ಬರುವವರೆಗಿನ ಆರೈಕೆ ಎಲ್ಲ ಬಂಡವಾಳ. ಗಿಡ ಫಸಲಿಗೆ ಬಂದ ಮೇಲಿನ ಕಪಾತು, ಗೊಬ್ಬರ, ಕಳೆ ರಾಜಸ್ವ.

“ಕಾಫಿ ಒಣಗಿಸುವ ಕಣದ ಬಿರುಕಿಗೆ ಸಿಮೆಂಟ್ ಹಾಕಿಸಿದ್ದು?” – ಸಿದ್ದಾಪುರ

ರಾಜಸ್ವ. ಕಣವನ್ನು ವಿಸ್ತರಿಸಿದ್ದರೆ ಆ ಭಾಗ ಬಂಡವಾಳ.