ಅಮ್ಮನ ರಕ್ತಪರೀಕ್ಷೆಯ ವರದಿಯನ್ನು ಹೇಗೆ ಓದಬೇಕು?

ಪ್ರಶ್ನೆ: 56 ವರ್ಷದ ನನ್ನ ಅಮ್ಮನಿಗೆ ಹಿಮೋಗ್ಲೋಬಿನ್ 10.2, ಖಾಲಿ ಹೊಟ್ಟೆಯ ಸಕ್ಕರೆ 112, ಒಟ್ಟು ಕೊಲೆಸ್ಟ್ರಾಲ್ 215 ಬಂದಿದೆ. ವೈದ್ಯರಿಗೆ ತೋರಿಸಬೇಕೇ?

ಉತ್ತರ: ಈ ವಾರದಲ್ಲೇ ತೋರಿಸಿ, ಮುಖ್ಯವಾಗಿ ಹಿಮೋಗ್ಲೋಬಿನ್‌ಗಾಗಿ. ಮಹಿಳೆಯರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ವರದಿಯಲ್ಲಿ ಕೆಂಪು ರಕ್ತಕಣಗಳ ಸರಾಸರಿ ಗಾತ್ರ ತಿಳಿಸುವ ಎಂಸಿವಿ ಕೂಡ 80ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶದ ಕೊರತೆಯ ಸಾಧ್ಯತೆ ಹೆಚ್ಚು. ಮುಟ್ಟು ನಿಂತ ಮೇಲೆ ಹೀಗಾದರೆ ಜಠರ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಪರಿಶೀಲಿಸಬೇಕಾಗುವುದರಿಂದ, ತಾವಾಗಿಯೇ ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗುವುದು ಸರಿಯಲ್ಲ. ಮಲ ಕಪ್ಪಗಿದ್ದರೆ, ಎದೆನೋವು ಅಥವಾ ಏದುಸಿರು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆ 112 ಮಧುಮೇಹವಲ್ಲ, ಅದರ ಪೂರ್ವಸ್ಥಿತಿ; 126 ಅಥವಾ ಹೆಚ್ಚು ಎರಡು ಬಾರಿ ಬಂದರೆ ಮಧುಮೇಹ. ಕಬ್ಬಿಣಾಂಶ ಕಡಿಮೆಯಿದ್ದಾಗ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ನಿಜಕ್ಕಿಂತ ಹೆಚ್ಚು ತೋರಬಹುದಾದ್ದರಿಂದ ಅದೊಂದನ್ನೇ ನಂಬಬೇಡಿ. ಕೊಲೆಸ್ಟ್ರಾಲ್‌ನಲ್ಲಿ ಒಟ್ಟು ಮೊತ್ತಕ್ಕಿಂತ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಮುಖ್ಯ. ಅದಕ್ಕೆ ಮಾತ್ರೆ ಬೇಕೇ ಎಂಬುದನ್ನು ವೈದ್ಯರು ರಕ್ತದೊತ್ತಡವನ್ನೂ ನೋಡಿ ನಿರ್ಧರಿಸುತ್ತಾರೆ.