ಷೇರು ಬೆಲೆ ಲಾಗ್‌ನಾರ್ಮಲ್ ಏಕೆ, ಆ σ²/2 ಎಲ್ಲಿಂದ ಬಂತು

> "ದಿನದ ಏರಿಳಿತ ನಾರ್ಮಲ್ ಅಂತಾರೆ, ಬೆಲೆ ಮಾತ್ರ ಯಾಕೆ ಲಾಗ್‌ನಾರ್ಮಲ್? ಮತ್ತೆ μ ಇಂದ σ²/2 ಕಳೆಯೋದು ಯಾಕೆ?"

ಸರ್, ಬೆಲೆಯ ಏರಿಳಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಇವತ್ತು 2% ಏರಿದರೆ 1.02ರಿಂದ, ನಾಳೆ 1% ಇಳಿದರೆ 0.99ರಿಂದ, ಹೀಗೆ ವರ್ಷಕ್ಕೆ ಸುಮಾರು 250 ಗುಣಾಕಾರ. ಲಾಗ್ ತೆಗೆದರೆ ಅದೆಲ್ಲ ಸುಮ್ನೆ ಕೂಡುವ ಲೆಕ್ಕ ಆಗುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಸಣ್ಣ ಸಣ್ಣ ಏರಿಳಿತಗಳನ್ನು ತುಂಬಾ ಕೂಡಿದರೆ ಮೊತ್ತ ನಾರ್ಮಲ್ ಕಡೆಗೆ ಹೋಗುತ್ತದೆ. ನಾರ್ಮಲ್ ಆಗುವುದು ಬೆಲೆಯ ಲಾಗ್, ಬೆಲೆಯಲ್ಲ.

ಮೇಲೆ ಒಬ್ಬರು "ಬೆಲೆ ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಲಾಗ್ ಹಾಕಿದ್ದಾರೆ" ಎಂದರು. ಅರ್ಧ ಸರಿ. ಅದು ಗುಣಾಕಾರದಿಂದ ತಾನಾಗಿ ಬರುವ ಲಾಭ. 1900ರಲ್ಲಿ ಫ್ರೆಂಚ್ ಗಣಿತಜ್ಞ ಬಶೆಲಿಯೆ ಕೂಡುವ ಲೆಕ್ಕವನ್ನೇ ಹಿಡಿದಿದ್ದರು, ಅದರಲ್ಲಿ ಬೆಲೆ ಮೈನಸ್‌ಗೂ ಹೋಗಬಹುದು.

ಇನ್ನು σ²/2. μ ಅಂದರೆ ವರ್ಷದ ಸರಾಸರಿ ಏರಿಕೆಯ ದರ, σ ಅಂದರೆ ವರ್ಷದ ಏರಿಳಿತದ ಹರವು. 100 ರೂಪಾಯಿ 10% ಏರಿ 110, ಮತ್ತೆ 10% ಇಳಿದರೆ 99. ಸರಾಸರಿ ಏರಿಳಿತ ಸೊನ್ನೆ, ಆದರೂ 1 ರೂಪಾಯಿ ಹೋಯಿತು, ಅಂದರೆ ಹೆಜ್ಜೆಗೆ ಅರ್ಧ ಪರ್ಸೆಂಟ್. ಅದೇ 0.10²/2. ಹೆಜ್ಜೆಗಳನ್ನು ಚಿಕ್ಕದು ಮಾಡುತ್ತಾ ಹೋದರೆ T ವರ್ಷದ ನಂತರದ ಬೆಲೆ S(T)ಗೆ ಕೊನೆಗೆ ಸಿಗುವುದು ಇದು (Z ಅಂದರೆ ಸರಾಸರಿ 0, ಹರವು 1 ಇರುವ ನಾರ್ಮಲ್):

```
ln S(T) = ln S(0) + (μ − σ²/2)T + σ√T·Z
```

ಡ್ರಿಫ್ಟ್, ಅಂದರೆ ನಡುವಿನ ಭಾಗ, T ಜೊತೆ ಬೆಳೆಯುತ್ತದೆ, ಹರವು √T ಜೊತೆ. μ 12%, σ 30%, 10 ವರ್ಷ ಇಟ್ಟು ನೋಡಿ. 100 ರೂಪಾಯಿಯ ಸರಾಸರಿ e^1.2 ಲೆಕ್ಕದಲ್ಲಿ 332 ಆಗುತ್ತದೆ. ಆದರೆ ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಇರುವ ನಡುವಿನ ಬೆಲೆ e^0.75, ಅಂದರೆ 212 ಮಾತ್ರ. ನೂರಕ್ಕೆ 68 ಸಲ ಸರಾಸರಿಗಿಂತ ಕಡಿಮೆಯೇ ಬರುತ್ತದೆ, 21 ಸಲ ಹಾಕಿದ ನೂರೂ ಬರುವುದಿಲ್ಲ! ಕೆಲವೇ ಭಾರಿ ಏರಿಕೆಗಳು ಸರಾಸರಿಯನ್ನು ಎಳೆದುಕೊಂಡು ಹೋಗಿರುತ್ತವೆ.

ತಿಂಗಳ ಎಸ್‌ಐಪಿಗೂ ಇದೇ ಲೆಕ್ಕವೇ ಅಂತ ಕೇಳಿದ ಮೇಡಂ, ಈ ಲೆಕ್ಕ ಒಂದೇ ಸಲ ಹಾಕಿದ ದುಡ್ಡಿಗೆ. ನಿಮ್ಮ ತಿಂಗಳ ಕಂತುಗಳ ಒಟ್ಟು ಮೊತ್ತ ಸರಿಯಾಗಿ ಲಾಗ್‌ನಾರ್ಮಲ್ ಆಗುವುದಿಲ್ಲ, ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ಓಡಿಸಿ ನೋಡುವುದೇ ಸುಲಭ.

ಭಾರಿ ಕುಸಿತಗಳನ್ನು ಈ ಮಾದರಿ ಹಿಡಿಯುವುದಿಲ್ಲ ಅಂತ ಆಪ್ಷನ್ ಡೆಸ್ಕ್‌ನವರು ಎತ್ತಿದ ಆಕ್ಷೇಪ ನಿಜ. 1987 ಅಕ್ಟೋಬರ್ 19ರಂದು ಅಮೆರಿಕದ ಡೌ ಸೂಚ್ಯಂಕ ಒಂದೇ ದಿನ 22.6% ಬಿತ್ತು. σ 30% ಅಂದರೆ ದಿನಕ್ಕೆ 30/√250, ಸುಮಾರು 1.9%, ಈ ಮಾದರಿ ಪ್ರಕಾರ ಅಂಥ ದಿನ ಬರಲೇಬಾರದು. ಜಿಗಿತ ಸೇರಿಸಬೇಕೋ, σ ಬದಲಾಗಲು ಬಿಡಬೇಕೋ, ಅದರಲ್ಲಿ ನನಗೂ ಅವರಿಗೂ ಒಮ್ಮತವಿಲ್ಲ.

ನನಗೆ ಜಾಸ್ತಿ ತಲೆನೋವು μ. ದಿನದ ಡೇಟಾ ಜಾಸ್ತಿ ಇದ್ದಷ್ಟೂ σ ಚೆನ್ನಾಗಿ ಸಿಗುತ್ತದೆ. μಗೆ ಮಾತ್ರ ಮೊದಲ ಬೆಲೆ, ಕೊನೆಯ ಬೆಲೆ ಎರಡೇ ಲೆಕ್ಕಕ್ಕೆ, ನಡುವಿನ ದಿನಗಳು ಏನೂ ಸೇರಿಸುವುದಿಲ್ಲ. 25 ವರ್ಷದ ಡೇಟಾ ಇದ್ದರೂ ತಪ್ಪಿನ ಅಳತೆ 30/√25, ಅಂದರೆ 6%. ಅದರ ಎರಡು ಪಟ್ಟು ಆಚೀಚೆ ಬಿಟ್ಟರೆ ಆ 12% ಅನ್ನುವುದು ನಿಜದಲ್ಲಿ 0 ಇರಬಹುದು, 24 ಕೂಡ ಇರಬಹುದು.