ಆಶ್ಲೇಷಾ ಬಲಿಯ ವಿಡಿಯೊ: ತಪ್ಪು ಕಾಗುಣಿತದ ಹುಡುಕಾಟಕ್ಕೆ ಪದಕೋಶ

ಪ್ರಶ್ನೆ: ಉಡುಪಿಯ ನಮ್ಮ ನಾಗಬನದ ಆಶ್ಲೇಷಾ ಬಲಿಯ ವಿಡಿಯೊ ಯೂಟ್ಯೂಬ್‌ನಲ್ಲಿ ಹುಡುಕುವವರಿಗೆ ಸಿಗುತ್ತಿಲ್ಲ. ತಪ್ಪು ಕಾಗುಣಿತಗಳನ್ನು ಎಲ್ಲಿ ಸೇರಿಸಬೇಕು?

ಉತ್ತರ: ಒಂದು ಪದಕೋಶದಲ್ಲಿ ಪ್ರತಿ ವಿಧಿಗೂ ಒಂದು ಸಾಲು ಮಾಡಿ, ಮೊದಲು ಶುದ್ಧ ರೂಪವನ್ನೂ ಅನಂತರ ಜನ ಟೈಪಿಸುವ ರೂಪಗಳನ್ನೂ ಬರೆದಿಡಿ. ಇಲ್ಲಿ ತಪ್ಪುವುದು ಮುಖ್ಯವಾಗಿ ಮೊದಲ ದೀರ್ಘ ಮತ್ತು ಷಕಾರ. ಆದ್ದರಿಂದ ‘ಅಶ್ಲೇಷ ಬಲಿ’, ‘ಆಶ್ಲೇಶ ಬಲಿ’, `aslesha bali`, `ashlesa bali` ಎಂಬವು ಆ ಸಾಲಿಗೆ ಬರುತ್ತವೆ. ಊಹೆಗಿಂತ ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಕಾಣುವ ಹುಡುಕಾಟದ ಪದಗಳೇ ಮೇಲು.

ಶೀರ್ಷಿಕೆಯಲ್ಲಿ ‘ಆಶ್ಲೇಷಾ ಬಲಿ’ ಮತ್ತು `Ashlesha Bali` ಮಾತ್ರ ಇರಲಿ. ತಪ್ಪು ರೂಪಗಳಿಗೆ 500 ಅಕ್ಷರಗಳ ಮಿತಿಯುಳ್ಳ ಟ್ಯಾಗ್ ಜಾಗವೇ ಸರಿ. ಟ್ಯಾಗ್‌ಗಳ ಪ್ರಭಾವ ಅಲ್ಪವಾದರೂ ಕಾಗುಣಿತ ತಪ್ಪುವ ಪದಗಳಿಗೆ ಅವು ಉಪಯುಕ್ತವೆಂದು ಯೂಟ್ಯೂಬ್ ಹೇಳುತ್ತದೆ. ವಿವರಣೆಯಲ್ಲಿ ಟ್ಯಾಗ್‌ಗಳ ರಾಶಿ ಹಾಕುವುದು ಮಾತ್ರ ನಿಯಮಬಾಹಿರ.

ಬರೀ ‘ಆಶ್ಲೇಷಾ’ ಎಂದು ಸೇರಿಸಬೇಡಿ, ಅದನ್ನು ಹುಡುಕುವವರಲ್ಲಿ ನಕ್ಷತ್ರಫಲ ಬಯಸುವವರೂ ಇರುತ್ತಾರೆ. ‘ಸರ್ಪಸಂಸ್ಕಾರ’ ಬೇರೆಯೇ ವಿಧಿಯಾದ್ದರಿಂದ, ಹುಡುಕುವವರು ಎರಡನ್ನೂ ಒಂದೆಂದು ತಿಳಿದಿದ್ದರೂ (ನಮ್ಮೂರಲ್ಲಿ ಇದು ಅಪರೂಪವಲ್ಲ), ಅದಕ್ಕೆ ಪ್ರತ್ಯೇಕ ಸಾಲು ಬೇಕು.